ಸಾಲದ ಕಂತು ತಪ್ಪಿದಾಗ: ತೊಂಬತ್ತು ದಿನಗಳ ಲೆಕ್ಕ, ನೋಟಿಸು ಮತ್ತು ಮನೆಯ ಮೇಲಿನ ಬ್ಯಾಂಕಿನ ಹಕ್ಕು

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಕ್ರಮದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಗ್ರಾಮದ ಮನೆಯೊಂದರ ಬಾಗಿಲಿಗೆ ಬ್ಯಾಂಕಿನವರು ಕಾಗದ ಅಂಟಿಸಿ ಹೋದರೆ, ಆ ಮನೆಯವರು ಮೊದಲು ಹುಡುಕಿಕೊಂಡು ಬರುವುದು ತಮ್ಮ ವಾರ್ಡಿನ ಸದಸ್ಯರನ್ನು. ಕಾಗದ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಅದು ಎಚ್ಚರಿಕೆಯೋ, ಸ್ವಾಧೀನದ ಪ್ರಕಟಣೆಯೋ, ಹರಾಜಿನ ನೋಟಿಸೋ ಎಂಬುದು ಓದಿದವರಿಗೂ ಕೂಡಲೇ ಹೊಳೆಯುವುದಿಲ್ಲ. ಆ ಮೂರಕ್ಕೂ ಬೇರೆ ಬೇರೆ ಅರ್ಥವಿದೆ, ಬೇರೆ ಬೇರೆ ಗಡುವಿದೆ. ಗಡುವು ಮೀರಿದ ಮೇಲೆ ಬಂದ ಸಲಹೆಯಿಂದ ಪ್ರಯೋಜನವಿಲ್ಲ. ಆದಕಾರಣ ಇಂದಿನ ಉಪನ್ಯಾಸವನ್ನು ಒಂದೇ ಬಗೆಯ ಸಾಲಕ್ಕೆ ಸೀಮಿತಗೊಳಿಸಲಾಗಿದೆ: ಗ್ರಾಮಠಾಣಾ ವ್ಯಾಪ್ತಿಯ ಮನೆಯನ್ನು ಅಡಮಾನವಿಟ್ಟು ಬ್ಯಾಂಕಿನಿಂದ ಪಡೆದ ಸಾಲ. ಇ-ಸ್ವತ್ತು ತಂತ್ರಾಂಶದ ಮೂಲಕ ನಮೂನೆ 9 ಮತ್ತು ನಮೂನೆ 11ಎ ದೊರೆಯತೊಡಗಿದ ಮೇಲೆ ಹಳ್ಳಿಯ ಮನೆಗಳ ಮೇಲೂ ಬ್ಯಾಂಕುಗಳು ಸಾಲ ನೀಡುತ್ತಿವೆ. ಆ ದಾಖಲೆಗಳನ್ನು ಕೊಡುವುದು ಗ್ರಾಮ ಪಂಚಾಯಿತಿಯೇ ಆಗಿರುವುದರಿಂದ ಈ ವಿಷಯ ಪಂಚಾಯಿತಿಯ ಬಾಗಿಲಿಗೇ ಬಂದು ನಿಲ್ಲುತ್ತದೆ.

ವಿಷಯ ಸ್ಪಷ್ಟವಾಗಲು ಒಂದು ಉದಾಹರಣೆಯನ್ನು ಆರಂಭದಿಂದ ಅಂತ್ಯದವರೆಗೆ ಅನುಸರಿಸೋಣ. ಇದು ವಿವರಣೆಗಾಗಿ ರೂಪಿಸಿದ ಉದಾಹರಣೆ. ಲೆಕ್ಕ ಮಾತ್ರ ವಾಸ್ತವದ್ದು.

ಉದಾಹರಣೆಯ ಕುಟುಂಬ

ಒಬ್ಬ ಲಾರಿ ಚಾಲಕರು ಮನೆ ಕಟ್ಟಲು ವಾರ್ಷಿಕ ಶೇ. 10ರ ಬಡ್ಡಿಯಲ್ಲಿ, 15 ವರ್ಷಗಳ ಅವಧಿಗೆ 8,00,000 ರೂಪಾಯಿ ಸಾಲ ಪಡೆದರು. ಮಾಸಿಕ ಕಂತು ಸುಮಾರು 8,600 ರೂಪಾಯಿ, ಪ್ರತಿ ತಿಂಗಳ 5ರಂದು ಕಟ್ಟಬೇಕು. ನೆರೆಯ ಶಾಲಾ ಶಿಕ್ಷಕರೊಬ್ಬರು ಜಾಮೀನು ಹಾಕಿದರು. ಮೂರು ವರ್ಷ, ಅಂದರೆ 36 ಕಂತುಗಳು ಒಂದೂ ತಪ್ಪದೆ ಸಂದಾಯವಾದವು. 2025ರ ಡಿಸೆಂಬರ್ ಕೊನೆಯಲ್ಲಿ ಚಾಲಕರಿಗೆ ಬೆನ್ನಿನ ಪೆಟ್ಟಾಗಿ ದುಡಿಮೆ ನಿಂತಿತು. 2026ರ ಜನವರಿ 5ರ ಕಂತು ಬಾಕಿ ಉಳಿಯಿತು.

ಇಲ್ಲಿಯೇ ಒಂದು ಅಂಕಿ ಗಮನಾರ್ಹ. ಮೂರು ವರ್ಷಗಳಲ್ಲಿ ಅವರು ಕಟ್ಟಿದ ಮೊತ್ತ 3,09,000 ರೂಪಾಯಿಗೂ ಮಿಗಿಲು. ಆದರೂ ಅಸಲು ಇಳಿದಿರುವುದು ಸುಮಾರು 81,000 ರೂಪಾಯಿ ಮಾತ್ರ. ಇನ್ನೂ 7,19,000 ರೂಪಾಯಿಯಷ್ಟು ಅಸಲು ಬಾಕಿ ಇದೆ. ದೀರ್ಘಾವಧಿ ಸಾಲದ ಆರಂಭದ ವರ್ಷಗಳಲ್ಲಿ ಕಂತಿನ ಬಹುಭಾಗ ಬಡ್ಡಿಗೇ ಹೋಗುತ್ತದೆ. "ಇಷ್ಟು ಕಟ್ಟಿದ್ದೇವೆ, ಇನ್ನೇನು ಅರ್ಧ ತೀರಿದೆ" ಎಂದು ಮನೆಯವರು ಭಾವಿಸಿದ್ದು, ನೋಟಿಸಿನಲ್ಲಿ ದೊಡ್ಡ ಮೊತ್ತ ಕಂಡಾಗ ಬ್ಯಾಂಕು ವಂಚಿಸಿದೆ ಎಂದು ಕೋಪಗೊಳ್ಳುವುದುಂಟು. ಅಂಥ ಸಂದರ್ಭದಲ್ಲಿ ಮೊದಲು ಕೇಳಬೇಕಾದುದು ಸಾಲದ ಖಾತೆಯ ವಿವರಪಟ್ಟಿ. ಅದರಲ್ಲಿ ಪ್ರತಿ ಕಂತಿನಲ್ಲಿ ಅಸಲಿಗೆ ಎಷ್ಟು, ಬಡ್ಡಿಗೆ ಎಷ್ಟು ಜಮೆಯಾಗಿದೆ ಎಂಬುದು ತಿಳಿಯುತ್ತದೆ.

ಸುಸ್ತಿಯ ದಿನಗಣನೆ

ಕಂತಿನ ದಿನದ ವಹಿವಾಟು ಮುಗಿಯುವ ಹೊತ್ತಿಗೆ ಹಣ ಬಾರದಿದ್ದರೆ ಅದೇ ದಿನಾಂಕದಿಂದ ಸಾಲ ಸುಸ್ತಿ ಎನಿಸುತ್ತದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಸುಸ್ತಿಯಾದ ಖಾತೆಗಳನ್ನು ಮೊದಲು 'ವಿಶೇಷ ನಿಗಾ ಖಾತೆ' ಎಂದು ವರ್ಗೀಕರಿಸಲಾಗುತ್ತದೆ. ಬ್ಯಾಂಕಿನವರು ಇದನ್ನು ಎಸ್‌ಎಂಎ ಎಂದು ಕರೆಯುತ್ತಾರೆ. ಇದರಲ್ಲಿ ಮೂರು ಮೆಟ್ಟಿಲುಗಳಿವೆ. ಸುಸ್ತಿ 30 ದಿನಗಳವರೆಗೆ ಇದ್ದರೆ ಎಸ್‌ಎಂಎ-0, 30 ದಿನ ಮೀರಿ 60ರವರೆಗೆ ಎಸ್‌ಎಂಎ-1, 60 ಮೀರಿ 90ರವರೆಗೆ ಎಸ್‌ಎಂಎ-2. ತೊಂಬತ್ತು ದಿನ ನಿರಂತರವಾಗಿ ಸುಸ್ತಿ ಮುಂದುವರಿದರೆ ಖಾತೆಯು ಅನುತ್ಪಾದಕ ಆಸ್ತಿ, ಅಂದರೆ ಎನ್‌ಪಿಎ, ಎನಿಸುತ್ತದೆ.

ನಮ್ಮ ಉದಾಹರಣೆಗೆ ಈ ದಿನಗಳನ್ನು ಹೊಂದಿಸಿದರೆ, ಖಾತೆ ಜನವರಿ 5ರಂದು ಎಸ್‌ಎಂಎ-0, ಫೆಬ್ರವರಿ 4ರಂದು ಎಸ್‌ಎಂಎ-1, ಮಾರ್ಚ್ 6ರಂದು ಎಸ್‌ಎಂಎ-2 ಆಗುತ್ತದೆ. ಏಪ್ರಿಲ್ 5ರ ವಹಿವಾಟು ಮುಗಿದಾಗ ಎನ್‌ಪಿಎ ಆಗುತ್ತದೆ. ಇದನ್ನು ಶಾಖೆಯ ವ್ಯವಸ್ಥಾಪಕರು ಮನಸ್ಸಿಗೆ ಬಂದಂತೆ ನಿರ್ಧರಿಸುವುದಿಲ್ಲ. ಗಣಕಯಂತ್ರ ದಿನದ ಕೊನೆಗೆ ತಾನಾಗಿ ವರ್ಗೀಕರಿಸುತ್ತದೆ. "ಮ್ಯಾನೇಜರ್ ನಮ್ಮವರೇ, ಹೇಳಿಕೊಂಡರಾಯಿತು" ಎಂಬ ಭರವಸೆಗೆ ಈ ಹಂತದಲ್ಲಿ ನೆಲೆಯಿಲ್ಲ.

ಆದರೆ ಇದೇ ನಿಯಮದಲ್ಲಿ ಸಾಲಗಾರನಿಗೆ ಉಪಯುಕ್ತವಾದ ಅಂಶವೊಂದಿದೆ. ದಿನಗಳನ್ನು ಎಣಿಸುವುದು ಅತ್ಯಂತ ಹಳೆಯ ಬಾಕಿ ಕಂತಿನಿಂದ. ಮಾರ್ಚ್ 20ರಂದು ನಮ್ಮ ಚಾಲಕರ ಖಾತೆ 74 ದಿನ ಸುಸ್ತಿಯಲ್ಲಿತ್ತು. ಆ ದಿನ ಅವರ ಮನೆಯವರು ಒಂದೇ ಒಂದು ಕಂತನ್ನು ಪೂರ್ಣವಾಗಿ ಹೊಂದಿಸಿ ಕಟ್ಟಿದ್ದರೆ, ಅದು ಜನವರಿಯ ಬಾಕಿಗೆ ಸಲ್ಲುತ್ತಿತ್ತು. ಆಗ ಅತ್ಯಂತ ಹಳೆಯ ಬಾಕಿ ಫೆಬ್ರವರಿ 5ರದಾಗಿ, ಸುಸ್ತಿಯ ದಿನಗಳು 74ರಿಂದ 43ಕ್ಕೆ ಇಳಿಯುತ್ತಿದ್ದವು. ಎನ್‌ಪಿಎ ಆಗುವ ದಿನ ಒಂದು ತಿಂಗಳು ಮುಂದಕ್ಕೆ ಹೋಗುತ್ತಿತ್ತು. ಮೂರು ಕಂತು ಒಟ್ಟಿಗೆ ಹೊಂದಿಸಲಾಗದೆಂದು ಏನನ್ನೂ ಕಟ್ಟದೆ ಕುಳಿತವರು ಕಳೆದುಕೊಳ್ಳುವುದು ಈ ಒಂದು ತಿಂಗಳನ್ನು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ದಂಡಶುಲ್ಕ ಮುಂತಾದವು ಮೊದಲು ಕಡಿತವಾದರೆ ಕಟ್ಟಿದ ಕಂತು ಪೂರ್ಣವಾಗಿ ಜನವರಿಗೆ ಸಲ್ಲದೆ ಕೆಲವು ನೂರು ರೂಪಾಯಿ ಕೊರತೆ ಬೀಳಬಹುದು. ಅಷ್ಟು ಕೊರತೆ ಉಳಿದರೂ ದಿನಗಣನೆ ಜನವರಿಯಿಂದಲೇ ಮುಂದುವರಿಯುತ್ತದೆ. ಆದ್ದರಿಂದ ಕಟ್ಟುವ ಮೊದಲು "ಹಳೆಯ ಕಂತು ಪೂರ್ತಿ ತೀರಲು ಇಂದು ಎಷ್ಟು ಬೇಕು" ಎಂದು ಶಾಖೆಯಲ್ಲಿ ಕೇಳಿ, ಅಷ್ಟನ್ನೇ ಕಟ್ಟಿ ರಸೀದಿ ಪಡೆಯುವುದು ಉತ್ತಮ.

ದಂಡದ ಬಗೆಗೂ ಒಂದು ಮಾತು. ಹಿಂದೆ ತಪ್ಪಿದ ಕಂತಿಗೆ ದಂಡಬಡ್ಡಿ ಹಾಕಿ ಅದನ್ನು ಅಸಲಿಗೆ ಸೇರಿಸುವ ಪದ್ಧತಿಯಿತ್ತು. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಆದೇಶ 2024ರಲ್ಲಿ ಜಾರಿಗೆ ಬಂದ ಮೇಲೆ ಬ್ಯಾಂಕುಗಳು ದಂಡವನ್ನು ಶುಲ್ಕವಾಗಿ ಮಾತ್ರ ವಿಧಿಸಬಹುದು. ಆ ಶುಲ್ಕದ ಮೇಲೆ ಮತ್ತೆ ಬಡ್ಡಿ ಹಾಕುವಂತಿಲ್ಲ. ಸಾಮಾನ್ಯ ಬಡ್ಡಿ ಮಾತ್ರ ಎಂದಿನಂತೆ ಬೆಳೆಯುತ್ತಲೇ ಇರುತ್ತದೆ.

ಎನ್‌ಪಿಎ ಆದ ಮೇಲೆ ಬದಲಾಗುವುದೇನು

ತೊಂಬತ್ತನೆಯ ದಿನದವರೆಗೆ ಒಂದು ಕಂತು ಕಟ್ಟಿದರೆ ಒಂದು ಮೆಟ್ಟಿಲು ಕೆಳಗಿಳಿಯಬಹುದು. ಎನ್‌ಪಿಎ ಆದ ಮೇಲೆ ಈ ಅನುಕೂಲವಿಲ್ಲ. ಬಾಕಿಯಿರುವ ಎಲ್ಲ ಕಂತುಗಳ ಅಸಲು ಮತ್ತು ಬಡ್ಡಿ ಪೂರ್ಣವಾಗಿ ಸಂದಾಯವಾದಾಗ ಮಾತ್ರ ಖಾತೆ ಮತ್ತೆ ಸಾಮಾನ್ಯ ವರ್ಗಕ್ಕೆ ಮರಳುತ್ತದೆ. ಏಪ್ರಿಲ್ 5ರ ರಾತ್ರಿ ನಮ್ಮ ಚಾಲಕರ ಬಾಕಿ ನಾಲ್ಕು ಕಂತು, ಅಂದರೆ ಸುಮಾರು 34,400 ರೂಪಾಯಿ. ಅವರು ಏಪ್ರಿಲ್ 20ರಂದು ಎರಡು ಕಂತು ಕಟ್ಟಿದರೂ ಖಾತೆ ಎನ್‌ಪಿಎ ಆಗಿಯೇ ಉಳಿಯುತ್ತದೆ. "ಹಣ ಕಟ್ಟಿದೆವು, ಆದರೂ ನೋಟಿಸು ಬಂತು" ಎಂಬ ದೂರಿನ ಹಿಂದೆ ಹಲವು ವೇಳೆ ಇರುವುದು ಇದೇ ಕಾರಣ.

ಇನ್ನೊಂದು ಪರಿಣಾಮ ಕುಟುಂಬದವರಿಗೆ ಅನಿರೀಕ್ಷಿತವಾಗಿರುತ್ತದೆ. ವರ್ಗೀಕರಣ ನಡೆಯುವುದು ಸಾಲದ ಮೇಲಲ್ಲ, ಸಾಲಗಾರನ ಮೇಲೆ. ಅದೇ ಬ್ಯಾಂಕಿನಲ್ಲಿ ಅವರ ಹೆಸರಿನಲ್ಲಿ ದ್ವಿಚಕ್ರ ವಾಹನದ ಸಾಲವೂ ಇದ್ದು, ಅದರ ಕಂತು ಸರಿಯಾಗಿ ಸಲ್ಲುತ್ತಿದ್ದರೂ ಆ ಖಾತೆಯೂ ಎನ್‌ಪಿಎ ಪಟ್ಟಿಗೆ ಸೇರುತ್ತದೆ. ಸುಸ್ತಿಯ ವಿವರ ಸಾಲ ಮಾಹಿತಿ ಸಂಸ್ಥೆಗಳಿಗೂ ಹೋಗುವುದರಿಂದ ಬೇರೆ ಬ್ಯಾಂಕಿನಲ್ಲಿ ಹೊಸ ಸಾಲ ಸಿಗುವುದು ಕಷ್ಟವಾಗುತ್ತದೆ. ಆಗ ಕುಟುಂಬ ಖಾಸಗಿ ಲೇವಾದೇವಿಯ ಕಡೆಗೆ ತಿರುಗುವ ಅಪಾಯವೂ ಉಂಟು.

ಅರವತ್ತು ದಿನಗಳ ನೋಟಿಸು

ಎನ್‌ಪಿಎ ಆದ ಮೇಲೆ, ಅಡಮಾನದ ಆಸ್ತಿಯಿದ್ದರೆ, ಬ್ಯಾಂಕು ನ್ಯಾಯಾಲಯಕ್ಕೆ ಹೋಗದೆಯೇ ಆಸ್ತಿಯ ಮೇಲೆ ಕ್ರಮ ಕೈಗೊಳ್ಳಲು 2002ರ ಸರ್ಫೇಸಿ ಕಾಯ್ದೆ ಅಧಿಕಾರ ನೀಡಿದೆ. ಸಹಕಾರಿ ಬ್ಯಾಂಕುಗಳಿಗೂ ಈ ಅಧಿಕಾರವಿದೆಯೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ತೀರ್ಪು ನೀಡಿದೆ. ಈ ಕಾಯ್ದೆಯ ಮೊದಲ ಹೆಜ್ಜೆ 13(2)ನೇ ಪ್ರಕರಣದ ಬೇಡಿಕೆ ನೋಟಿಸು. ಕಾಗದದ ಮೇಲ್ಭಾಗದಲ್ಲಿಯೋ ವಿಷಯದ ಸಾಲಿನಲ್ಲಿಯೋ ಈ ಸಂಖ್ಯೆ ಕಂಡರೆ, ಅದು ಸಾಮಾನ್ಯ ನೆನಪೋಲೆಯಲ್ಲ ಎಂದು ಸದಸ್ಯರು ಅರಿಯಬೇಕು.

ಉದಾಹರಣೆಯಲ್ಲಿ ಈ ನೋಟಿಸಿನ ದಿನಾಂಕ ಜೂನ್ 10 ಎಂದಿಟ್ಟುಕೊಳ್ಳೋಣ. ಅದರಲ್ಲಿ ಕೇಳಿರುವುದು ಬಾಕಿ ಕಂತುಗಳನ್ನಲ್ಲ, ಇಡೀ ಸಾಲವನ್ನು. ಅಸಲು 7,19,000 ಮತ್ತು ಆವರೆಗಿನ ಬಡ್ಡಿ ಸೇರಿ ಸುಮಾರು 7,56,000 ರೂಪಾಯಿ, ಅದರ ಮೇಲೆ ಶುಲ್ಕ. ಇದನ್ನು ನೋಟಿಸಿನ ದಿನಾಂಕದಿಂದ 60 ದಿನಗಳೊಳಗೆ, ಅಂದರೆ ಆಗಸ್ಟ್ 9ರೊಳಗೆ ತೀರಿಸಬೇಕು. ನೋಟಿಸಿನಲ್ಲಿ ಬಾಕಿ ಮೊತ್ತದ ವಿವರ ಮತ್ತು ಯಾವ ಆಸ್ತಿಯ ಮೇಲೆ ಕ್ರಮ ಕೈಗೊಳ್ಳಲಿದ್ದಾರೆ ಎಂಬ ವಿವರ ಇರಲೇಬೇಕು. ಆಸ್ತಿಯ ಸಂಖ್ಯೆ, ಚಕ್ಕುಬಂದಿ, ಅಳತೆ ನಮೂನೆ 9ರೊಂದಿಗೆ ತಾಳೆಯಾಗುತ್ತದೆಯೇ ಎಂದು ನೋಡಲು ಪಂಚಾಯಿತಿ ಕಚೇರಿ ನೆರವಾಗಬಹುದು. ಅಣ್ಣತಮ್ಮಂದಿರ ಭಾಗವಾದ ಮನೆಗಳಲ್ಲಿ ಬೇರೊಬ್ಬರ ಭಾಗದ ವಿವರ ನೋಟಿಸಿನಲ್ಲಿ ನುಸುಳಿದ್ದರೆ ಅದು ಗಂಭೀರ ದೋಷ.

ಈ ಹಂತದಲ್ಲಿ ಗ್ರಾಮಗಳಲ್ಲಿ ನಡೆಯುವ ದೊಡ್ಡ ತಪ್ಪೆಂದರೆ ಅಂಚೆಯನ್ನು ತಿರಸ್ಕರಿಸುವುದು. "ಸಹಿ ಹಾಕದಿದ್ದರೆ ನೋಟಿಸು ತಲುಪಿದಂತಾಗುವುದಿಲ್ಲ" ಎಂದು ಯಾರೋ ಹೇಳಿರುತ್ತಾರೆ. ನಿಯಮ ಹಾಗಿಲ್ಲ. ಸಾಲಗಾರ ತಪ್ಪಿಸಿಕೊಳ್ಳುತ್ತಿದ್ದಾನೆಂದು ಕಂಡರೆ ಬ್ಯಾಂಕು ನೋಟಿಸನ್ನು ಮನೆಯ ಹೊರಬಾಗಿಲಿಗೆ ಅಂಟಿಸಿ, ಎರಡು ಪತ್ರಿಕೆಗಳಲ್ಲಿ ಪ್ರಕಟಿಸಬಹುದು. ಆಗ ನೋಟಿಸು ತಲುಪಿದಂತೆಯೇ ಸರಿ. ಊರಿಗೆಲ್ಲ ವಿಷಯ ತಿಳಿಯುತ್ತದೆ, ಅರವತ್ತು ದಿನಗಳಲ್ಲಿ ಹಲವು ವ್ಯರ್ಥವಾಗುತ್ತವೆ. ಲಾಭ ಮಾತ್ರ ಏನೂ ಇಲ್ಲ.

ನೋಟಿಸು ಸ್ವೀಕರಿಸಿದವರಿಗೆ ಒಂದು ಸ್ಪಷ್ಟ ಹಕ್ಕಿದೆ. 13(3ಎ) ಪ್ರಕರಣದಂತೆ ಸಾಲಗಾರ ತನ್ನ ಆಕ್ಷೇಪಣೆ ಅಥವಾ ಮನವಿಯನ್ನು ಲಿಖಿತವಾಗಿ ಸಲ್ಲಿಸಬಹುದು. ಬ್ಯಾಂಕು ಅದನ್ನು ಪರಿಶೀಲಿಸಿ, ಒಪ್ಪದಿದ್ದರೆ ಕಾರಣಗಳನ್ನು 15 ದಿನಗಳೊಳಗೆ ತಿಳಿಸಲೇಬೇಕು. ಕಟ್ಟಿದ ಹಣ ಜಮೆಯಾಗಿಲ್ಲ, ಎನ್‌ಪಿಎ ದಿನಾಂಕ ತಪ್ಪಾಗಿದೆ, ಆಸ್ತಿಯ ವಿವರ ತಪ್ಪಾಗಿದೆ, ಭೂಮಿ ಕೃಷಿ ಭೂಮಿ ಎಂಬಂಥ ಅಂಶಗಳನ್ನು ದಾಖಲೆ ಸಮೇತ ಇದೇ ಪತ್ರದಲ್ಲಿ ಹೇಳಬೇಕು. ಶಾಖೆಯಲ್ಲಿ ಬಾಯಿಮಾತಿನಲ್ಲಿ ಹೇಳಿ ಬಂದರೆ ಅದಕ್ಕೆ ಸಾಕ್ಷ್ಯವಿರುವುದಿಲ್ಲ. ಪತ್ರದ ಪ್ರತಿಯ ಮೇಲೆ ಬ್ಯಾಂಕಿನ ಮೊಹರು ಮತ್ತು ದಿನಾಂಕ ಇರಬೇಕು.

ನಮ್ಮ ಚಾಲಕರ ಮನವಿಯಲ್ಲಿ ಇರಬಹುದಾದ ಮಾತು ಹೀಗೆ: ಡಿಸೆಂಬರ್‌ನಲ್ಲಿ ಪೆಟ್ಟಾಗಿ ಆರು ತಿಂಗಳು ದುಡಿಮೆ ಇರಲಿಲ್ಲ, ವೈದ್ಯಕೀಯ ದಾಖಲೆ ಲಗತ್ತಿಸಿದೆ, ಜುಲೈನಿಂದ ಮತ್ತೆ ಕೆಲಸ ಆರಂಭವಾಗುತ್ತದೆ, ಬಾಕಿ ಕಂತುಗಳನ್ನು ಇಂಥ ದಿನಾಂಕಗಳಲ್ಲಿ ಕಟ್ಟುತ್ತೇವೆ, ಖಾತೆಯನ್ನು ಕ್ರಮಬದ್ಧಗೊಳಿಸಲು ಅವಕಾಶ ನೀಡಬೇಕು. ಆಗಸ್ಟ್ 9ರ ಹೊತ್ತಿಗೆ ಬಾಕಿ ಎಂಟು ಕಂತು, ಅಂದರೆ ಸುಮಾರು 68,800 ರೂಪಾಯಿ ಮತ್ತು ಶುಲ್ಕ. ಇಡೀ 7,56,000ಕ್ಕೆ ಹೋಲಿಸಿದರೆ ಇದು ಎಟುಕುವ ಮೊತ್ತ. ಬಾಕಿ ಕಂತುಗಳೆಲ್ಲ ತೀರಿದರೆ ಬ್ಯಾಂಕು ಮುಂದಿನ ಕ್ರಮವನ್ನು ಕೈಬಿಡಬಹುದು. ಆದರೆ ನೋಟಿಸು ನೀಡಿದ ಮೇಲೆ ಇದು ಸಾಲಗಾರನ ಹಕ್ಕಾಗಿ ಉಳಿಯುವುದಿಲ್ಲ; ಬ್ಯಾಂಕಿನ ಒಪ್ಪಿಗೆಯ ವಿಷಯ. ಒಪ್ಪಿಗೆ ಸಿಕ್ಕರೆ ಅದನ್ನು ಲಿಖಿತವಾಗಿ ಪಡೆಯಬೇಕು.

ನೋಟಿಸು ತಲುಪಿದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಆ ಮನೆಯನ್ನು ಮಾರುವುದಾಗಲಿ, ಗುತ್ತಿಗೆಗೆ ಕೊಡುವುದಾಗಲಿ ಕಾಯ್ದೆಯ 13(13)ನೇ ಪ್ರಕರಣದಂತೆ ನಿಷಿದ್ಧ. ಆಸ್ತಿ ಉಳಿಸಿಕೊಳ್ಳುವ ಉಪಾಯವೆಂದು ಮಗನ ಹೆಸರಿಗೋ ಭಾವಮೈದುನನ ಹೆಸರಿಗೋ ತರಾತುರಿಯಲ್ಲಿ ಖಾತೆ ಬದಲಾವಣೆ ಕೋರಿ ಪಂಚಾಯಿತಿಗೆ ಅರ್ಜಿ ಬರುವುದು ಈ ಘಟ್ಟದಲ್ಲಿಯೇ. ಇಂಥ ವರ್ಗಾವಣೆಯಿಂದ ಬ್ಯಾಂಕಿನ ಹಕ್ಕು ಅಳಿಯುವುದಿಲ್ಲ. ಅರ್ಜಿದಾರರ ಪರವಾಗಿ ಕಚೇರಿಯ ಮೇಲೆ ಒತ್ತಡ ತರುವ ಮೊದಲು, ಆಸ್ತಿ ಅಡಮಾನದಲ್ಲಿದೆಯೇ ಎಂದು ಋಣಭಾರ ಪತ್ರದಲ್ಲಿ ನೋಡಿಕೊಳ್ಳುವುದು ಸದಸ್ಯರಿಗೂ ಕ್ಷೇಮ, ಆ ಕುಟುಂಬಕ್ಕೂ ಕ್ಷೇಮ.

ಸ್ವಾಧೀನ: ಕಾಗದದ ಮೇಲೆ ಮತ್ತು ನೆಲದ ಮೇಲೆ

ಅರವತ್ತು ದಿನ ಕಳೆದರೂ ಸಾಲ ತೀರದಿದ್ದರೆ ಬ್ಯಾಂಕಿನ ಅಧಿಕೃತ ಅಧಿಕಾರಿ 13(4)ನೇ ಪ್ರಕರಣದಡಿ ಆಸ್ತಿಯ ಸ್ವಾಧೀನ ಪಡೆಯಬಹುದು. ಆಗಸ್ಟ್ 25ರಂದು ಚಾಲಕರ ಮನೆಯ ಹೊರಬಾಗಿಲಿಗೆ ಸ್ವಾಧೀನ ನೋಟಿಸು ಅಂಟಿಸಿದರೆಂದು ಭಾವಿಸೋಣ. ಇದು ಏಳು ದಿನಗಳೊಳಗೆ ಎರಡು ಪತ್ರಿಕೆಗಳಲ್ಲಿಯೂ, ಅವುಗಳಲ್ಲೊಂದು ಸ್ಥಳೀಯ ಭಾಷೆಯ ಪತ್ರಿಕೆಯಲ್ಲಿ, ಪ್ರಕಟವಾಗಬೇಕು. ಇದು ಸಾಂಕೇತಿಕ ಸ್ವಾಧೀನ. ಕುಟುಂಬ ಮನೆಯಲ್ಲಿಯೇ ಇರುತ್ತದೆ. ಆದರೆ ಆ ಆಸ್ತಿಯೊಂದಿಗೆ ಯಾರೂ ವ್ಯವಹರಿಸಬಾರದೆಂದು ಸಾರ್ವಜನಿಕರಿಗೆ ತಿಳಿಸಿದಂತಾಗುತ್ತದೆ. ಬಾಗಿಲಿಗೆ ಕಾಗದ ಅಂಟಿದ ದಿನವೇ ಮನೆ ಬಿಟ್ಟು ಹೋಗಬೇಕೆಂಬ ಭಯಕ್ಕೆ ಆಧಾರವಿಲ್ಲ.

ಮನೆಯನ್ನು ವಾಸ್ತವವಾಗಿ ತೆರವುಗೊಳಿಸಬೇಕಾದಾಗ ಬ್ಯಾಂಕಿಗೆ ಕಾಯ್ದೆ ತೋರಿಸಿರುವ ದಾರಿ 14ನೇ ಪ್ರಕರಣ. ಬ್ಯಾಂಕು ಜಿಲ್ಲಾ ದಂಡಾಧಿಕಾರಿಗಳಿಗೆ, ಅಂದರೆ ಜಿಲ್ಲಾಧಿಕಾರಿಗಳಿಗೆ, ಅಥವಾ ಮುಖ್ಯ ನ್ಯಾಯಿಕ ದಂಡಾಧಿಕಾರಿಗಳಿಗೆ ಪ್ರಮಾಣಪತ್ರ ಸಹಿತ ಅರ್ಜಿ ಸಲ್ಲಿಸುತ್ತದೆ. ಅವರು ಆದೇಶಿಸಿದ ಮೇಲೆ ಅವರ ಅಧೀನ ಅಧಿಕಾರಿ, ಅಗತ್ಯವಿದ್ದರೆ ಪೊಲೀಸರ ನೆರವಿನೊಂದಿಗೆ, ಸ್ವಾಧೀನ ಪಡೆದು ಬ್ಯಾಂಕಿಗೆ ಒಪ್ಪಿಸುತ್ತಾರೆ. ಹಾಗಾಗಿ ಯಾರಾದರೂ ಬೀಗ ಹಾಕಲು ಬಂದಾಗ ಸದಸ್ಯರು ಕೇಳಬೇಕಾದ ಪ್ರಶ್ನೆ ಒಂದೇ: 14ನೇ ಪ್ರಕರಣದ ಆದೇಶದ ಪ್ರತಿ ಎಲ್ಲಿದೆ? ಆದೇಶವಿದ್ದರೆ ಅಡ್ಡಿಪಡಿಸುವುದು ತರವಲ್ಲ. ಆದೇಶವಿಲ್ಲದೆ ವಸೂಲಿ ಏಜೆಂಟರು ನಾಲ್ಕು ಜನರೊಂದಿಗೆ ಬಂದು ಸಾಮಾನು ಹೊರಗೆ ಹಾಕುವಂತಿಲ್ಲ. ಅಂಥ ಸಂದರ್ಭದಲ್ಲಿ ಪೊಲೀಸ್ ಠಾಣೆಗೆ ದೂರು ನೀಡಬಹುದು.

ವಸೂಲಿ ಏಜೆಂಟರ ಬಗ್ಗೆ ರಿಸರ್ವ್ ಬ್ಯಾಂಕಿನ ನಿಯಮ ಕಟ್ಟುನಿಟ್ಟಾಗಿದೆ. ಬೆಳಿಗ್ಗೆ 8 ಗಂಟೆಗೆ ಮೊದಲು ಮತ್ತು ಸಂಜೆ 7 ಗಂಟೆಯ ನಂತರ ಸುಸ್ತಿ ವಸೂಲಿಗಾಗಿ ಕರೆ ಮಾಡುವಂತಿಲ್ಲ. ಬೆದರಿಕೆ, ನಿಂದನೆ, ಬಂಧುಬಳಗದ ಮುಂದೆ ಅವಮಾನ ಸಲ್ಲದು. ಏಜೆಂಟರ ನಡತೆಗೆ ಬ್ಯಾಂಕೇ ಹೊಣೆ. ಮೊದಲು ಬ್ಯಾಂಕಿಗೆ ಲಿಖಿತ ದೂರು ನೀಡಿ, 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ತೃಪ್ತಿಕರವಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ಜಾಲತಾಣದಲ್ಲಿ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಆದರೆ ಈ ದೂರಿನಿಂದ ಸಾಲದ ಗಡುವುಗಳು ನಿಲ್ಲುವುದಿಲ್ಲ ಎಂಬುದನ್ನು ಮರೆಯಬಾರದು.

ಎಲ್ಲಿ ಪ್ರಶ್ನಿಸಬೇಕು

ಬ್ಯಾಂಕಿನ ಸ್ವಾಧೀನ ಕ್ರಮವನ್ನು ಪ್ರಶ್ನಿಸಲು ತಾಲ್ಲೂಕಿನ ಸಿವಿಲ್ ನ್ಯಾಯಾಲಯಕ್ಕೆ ಹೋಗುವವರು ಬಹಳ. ಸರ್ಫೇಸಿ ಕಾಯ್ದೆಯಡಿಯ ಕ್ರಮಗಳಿಗೆ ಸಂಬಂಧಿಸಿದಂತೆ ಸಿವಿಲ್ ನ್ಯಾಯಾಲಯದ ಅಧಿಕಾರವನ್ನು 34ನೇ ಪ್ರಕರಣ ತಡೆದಿದೆ. ಹೋಗಬೇಕಾದುದು ಸಾಲ ವಸೂಲಾತಿ ನ್ಯಾಯಾಧಿಕರಣಕ್ಕೆ. ಕರ್ನಾಟಕಕ್ಕೆ ಅದು ಬೆಂಗಳೂರಿನಲ್ಲಿದೆ. ಬ್ಯಾಂಕು 13(4)ರ ಕ್ರಮ ಕೈಗೊಂಡ ದಿನದಿಂದ 45 ದಿನಗಳೊಳಗೆ 17ನೇ ಪ್ರಕರಣದಡಿ ಅರ್ಜಿ ಸಲ್ಲಿಸಬೇಕು. ಉದಾಹರಣೆಯಲ್ಲಿ ಆಗಸ್ಟ್ 25ರಿಂದ ಎಣಿಸಿದರೆ ಅಕ್ಟೋಬರ್ 9 ಕೊನೆಯ ದಿನ. ಬೇಡಿಕೆ ನೋಟಿಸಿನ ಹಂತದಲ್ಲಿಯೇ, ಅಥವಾ ಆಕ್ಷೇಪಣೆಗೆ ಬ್ಯಾಂಕು ನೀಡಿದ ಉತ್ತರದ ವಿರುದ್ಧವಷ್ಟೇ, ಅಲ್ಲಿಗೆ ಹೋಗಲು ಅವಕಾಶವಿಲ್ಲ. ಹಳ್ಳಿಯ ಕುಟುಂಬಕ್ಕೆ ಬೆಂಗಳೂರಿನ ವಕೀಲರ ವೆಚ್ಚ ಹೊರೆಯೇ ಸರಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ನಿಗದಿತ ಆದಾಯ ಮಿತಿಯೊಳಗಿನವರು ಉಚಿತ ಕಾನೂನು ನೆರವಿಗೆ ಅರ್ಹರು. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಅಥವಾ 15100 ಸಹಾಯವಾಣಿಯನ್ನು ಸಂಪರ್ಕಿಸುವಂತೆ ಅವರಿಗೆ ತಿಳಿಸಬೇಕು.

ಹರಾಜು ಮತ್ತು ಆನಂತರ

ಹರಾಜಿಗೆ ಮೊದಲು ಅನುಮೋದಿತ ಮೌಲ್ಯಮಾಪಕರಿಂದ ಮನೆಯ ಬೆಲೆ ಕಟ್ಟಿಸಿ ಕನಿಷ್ಠ ಬೆಲೆ ನಿಗದಿ ಮಾಡಬೇಕು. ಸಾಲಗಾರನಿಗೆ ಮಾರಾಟದ ಬಗ್ಗೆ 30 ದಿನಗಳ ನೋಟಿಸು ಕೊಡಬೇಕು. ಸಾರ್ವಜನಿಕ ಹರಾಜಾದರೆ ಎರಡು ಪತ್ರಿಕೆಗಳಲ್ಲಿ ಪ್ರಕಟಣೆಯೂ ಬೇಕು. ಇಲ್ಲಿಯೇ ಅತ್ಯಂತ ಮುಖ್ಯವಾದ ಗಡುವು ಅಡಗಿದೆ. ಹರಾಜು ನಡೆಯುವ ಹಿಂದಿನ ದಿನದವರೆಗೂ ಹಣ ಕಟ್ಟಿ ಮನೆ ಬಿಡಿಸಿಕೊಳ್ಳಬಹುದೆಂಬ ನಂಬಿಕೆ ವ್ಯಾಪಕವಾಗಿದೆ. ಕಾಯ್ದೆಗೆ 2016ರಲ್ಲಿ ತಂದ ತಿದ್ದುಪಡಿಯ ಮೇಲೆ ಈ ನಂಬಿಕೆ ನಿಲ್ಲುವುದಿಲ್ಲ. ಹರಾಜಿನ ಪ್ರಕಟಣೆ ಹೊರಡುವ ಮೊದಲೇ ಪೂರ್ತಿ ಬಾಕಿ ಮತ್ತು ವೆಚ್ಚವನ್ನು ಕಟ್ಟಿದರೆ ಮಾತ್ರ ಆಸ್ತಿ ಬಿಡಿಸಿಕೊಳ್ಳುವ ಹಕ್ಕು. ಸರ್ವೋಚ್ಚ ನ್ಯಾಯಾಲಯವೂ 2023ರಲ್ಲಿ ಇದನ್ನು ಎತ್ತಿಹಿಡಿದಿದೆ. ಸೈಟು ಮಾರಿಯೋ, ಬಂಧುಗಳಿಂದ ಪಡೆದೋ ಹಣ ಹೊಂದಿಸುವವರು ಈ ದಿನಾಂಕವನ್ನು ಗಮನದಲ್ಲಿಡಬೇಕು.

ಮನೆ 11,00,000 ರೂಪಾಯಿಗೆ ಹರಾಜಾಗಿ, ವೆಚ್ಚ ಸೇರಿ ಬ್ಯಾಂಕಿನ ಬಾಕಿ 8,00,000 ಆಗಿದ್ದರೆ, ಬೇರೆ ಹಕ್ಕುದಾರರಿಲ್ಲದ ಪಕ್ಷದಲ್ಲಿ ಉಳಿದ 3,00,000 ರೂಪಾಯಿ ಸಾಲಗಾರನಿಗೆ ಸೇರಬೇಕು. ಮನೆ ಹೋಯಿತೆಂದು ಕೈಚೆಲ್ಲಿದ ಕುಟುಂಬಗಳು ಈ ಹಣವನ್ನು ಕೇಳುವುದನ್ನೇ ಮರೆಯಬಾರದು. ಅದೇ ಮನೆ 6,50,000ಕ್ಕೆ ಹೋದರೆ ಉಳಿದ 1,50,000 ರೂಪಾಯಿ ಸಾಲವಾಗಿಯೇ ಉಳಿಯುತ್ತದೆ. ಅದಕ್ಕಾಗಿ ಬ್ಯಾಂಕು ಪ್ರತ್ಯೇಕ ದಾವೆ ಹೂಡಬಹುದು. ಮೊತ್ತ 20 ಲಕ್ಷಕ್ಕಿಂತ ಕಡಿಮೆಯಿರುವುದರಿಂದ ಅದು ಸಿವಿಲ್ ನ್ಯಾಯಾಲಯಕ್ಕೆ ಹೋಗುತ್ತದೆ.

ಈ ದಾವೆ ಜಾಮೀನು ಹಾಕಿದ ಶಿಕ್ಷಕರ ಮೇಲೂ ಬರಬಹುದು. ಭಾರತೀಯ ಕರಾರು ಕಾಯ್ದೆಯ 128ನೇ ಪ್ರಕರಣದಂತೆ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಗೆ ಸಮಾನ. ಮೊದಲು ಸಾಲಗಾರನಿಂದ ವಸೂಲು ಮಾಡಿ ಆಮೇಲೆ ತನ್ನ ಬಳಿಗೆ ಬರಲಿ ಎಂದು ಹೇಳುವ ಹಕ್ಕು, ಕರಾರಿನಲ್ಲಿ ಹಾಗೆ ಬರೆದಿಲ್ಲದಿದ್ದರೆ, ಜಾಮೀನುದಾರನಿಗಿಲ್ಲ. ಊರಿನ ಗೌರವಸ್ಥರೆಂದು ಸದಸ್ಯರನ್ನೇ ಜಾಮೀನಿಗೆ ಕರೆಯುವುದುಂಟು. ಸಹಿ ಮಾಡಿದವರು ಸುಸ್ತಿಯ ಮೊದಲ ತಿಂಗಳಲ್ಲಿಯೇ ಖಾತೆಯ ಸ್ಥಿತಿಯನ್ನು ವಿಚಾರಿಸುವುದು ವಿವೇಕ.

ಈ ಕಾಯ್ದೆ ಅನ್ವಯಿಸದ ಸಾಲಗಳು

ಮೇಲಿನ ಮಾರ್ಗ ಎಲ್ಲ ಸಾಲಕ್ಕೂ ಅಲ್ಲ. ಕೃಷಿ ಭೂಮಿಯ ಮೇಲಿನ ಅಡಮಾನಕ್ಕೆ ಸರ್ಫೇಸಿ ಅನ್ವಯಿಸುವುದಿಲ್ಲ. ಆದರೆ ಪಹಣಿಯಲ್ಲಿ ಕೃಷಿ ಎಂದಿದ್ದರೆ ಸಾಲದು, ಭೂಮಿ ವಾಸ್ತವವಾಗಿ ಕೃಷಿಯಲ್ಲಿ ಬಳಕೆಯಾಗುತ್ತಿದೆಯೇ ಎಂದು ನ್ಯಾಯಾಲಯಗಳು ನೋಡುತ್ತವೆ. ಭೂಪರಿವರ್ತನೆಯಾದ ಜಾಗಕ್ಕೆ ಈ ರಕ್ಷಣೆ ಸಿಗದು. ಒಂದು ಲಕ್ಷ ರೂಪಾಯಿ ಮೀರದ ಸಾಲಕ್ಕೂ, ಅಸಲು ಮತ್ತು ಬಡ್ಡಿಯ ಶೇ. 20ಕ್ಕಿಂತ ಕಡಿಮೆ ಬಾಕಿ ಉಳಿದಿರುವ ಸಾಲಕ್ಕೂ ಇದು ಅನ್ವಯಿಸುವುದಿಲ್ಲ. ಇಲ್ಲೆಲ್ಲ ಸಾಲ ಮನ್ನಾ ಆಯಿತೆಂದು ಅರ್ಥವಲ್ಲ. ಬ್ಯಾಂಕು ನ್ಯಾಯಾಲಯ ಮುಂತಾದ ಬೇರೆ ದಾರಿಗಳಲ್ಲಿ ವಸೂಲು ಮಾಡಬೇಕು, ಅಷ್ಟೇ.

ಬೆಳೆಸಾಲಕ್ಕೆ ತೊಂಬತ್ತು ದಿನಗಳ ಲೆಕ್ಕವೂ ಇಲ್ಲ. ಅಲ್ಪಾವಧಿ ಬೆಳೆಗಳ ಸಾಲ ಎರಡು ಬೆಳೆ ಹಂಗಾಮುಗಳಷ್ಟು ಕಾಲ, ದೀರ್ಘಾವಧಿ ಬೆಳೆಗಳ ಸಾಲ ಒಂದು ಹಂಗಾಮಿನಷ್ಟು ಕಾಲ ಸುಸ್ತಿಯಾದ ಮೇಲೆ ಎನ್‌ಪಿಎ ಎನಿಸುತ್ತದೆ. ಆದರೆ ಬಡ್ಡಿ ರಿಯಾಯಿತಿ ಸಕಾಲದಲ್ಲಿ ಮರುಪಾವತಿ ಮಾಡಿದವರಿಗೆ ಮಾತ್ರ ದೊರೆಯುವುದರಿಂದ, ವರ್ಗೀಕರಣಕ್ಕೆ ಸಮಯವಿದೆಯೆಂದು ತಡಮಾಡಿದ ರೈತ ಬಡ್ಡಿಯಲ್ಲಿ ನಷ್ಟ ಅನುಭವಿಸುತ್ತಾನೆ.

ಇತ್ಯರ್ಥದ ದಾರಿ

ಕಂತು ಕಟ್ಟಲಾಗದ ಕಾರಣ ತಾತ್ಕಾಲಿಕವಾದರೆ, ಅವಧಿ ವಿಸ್ತರಿಸಿ ಕಂತು ಇಳಿಸುವಂತೆ ಕೋರಲು ತಕ್ಕ ಕಾಲ ಎನ್‌ಪಿಎ ಆಗುವ ಮೊದಲಿನ ತೊಂಬತ್ತು ದಿನ. ಕಾರಣ ಶಾಶ್ವತವಾದರೆ, ಬ್ಯಾಂಕಿನೊಂದಿಗೆ ಒಂದಾವರ್ತಿ ಇತ್ಯರ್ಥದ ಮಾತುಕತೆ ನಡೆಸಬಹುದು, ಅಥವಾ ಪ್ರಕರಣವನ್ನು ಲೋಕ ಅದಾಲತ್‌ಗೆ ತೆಗೆದುಕೊಂಡು ಹೋಗಬಹುದು. ಅಲ್ಲಿ ನ್ಯಾಯಾಲಯ ಶುಲ್ಕವಿಲ್ಲ. ಒಪ್ಪಿದ ಮೊತ್ತ ಡಿಕ್ರಿಯಷ್ಟೇ ಬಲವುಳ್ಳದ್ದು. ಆದ್ದರಿಂದಲೇ, ಕಟ್ಟಲಾಗದ ದಿನಾಂಕಕ್ಕೆ ಅಲ್ಲಿ ಒಪ್ಪಬಾರದು. ಹರಾಜಿನ ಒತ್ತಡದಲ್ಲಿ ಮಾರುವುದಕ್ಕಿಂತ, ಬ್ಯಾಂಕಿನ ಲಿಖಿತ ಒಪ್ಪಿಗೆ ಪಡೆದು ಕುಟುಂಬವೇ ಖರೀದಿದಾರರನ್ನು ಹುಡುಕಿ ಮಾರಿದರೆ ಉತ್ತಮ ಬೆಲೆ ದೊರೆಯುವ ಸಾಧ್ಯತೆಯೂ ಇದೆ.

ನಮ್ಮ ಉದಾಹರಣೆಯ ಚಾಲಕರಿಗೆ ಮಾರ್ಚ್ 20ರಂದು 8,600 ರೂಪಾಯಿ ಮತ್ತು ಅಲ್ಪ ಶುಲ್ಕ ಸಾಕಾಗಿತ್ತು. ಏಪ್ರಿಲ್ 5ರ ನಂತರ 34,400 ಬೇಕಾಯಿತು. ಜೂನ್ 10ರಂದು ಕೇಳಿದ್ದು 7,56,000. ಬಾಗಿಲಿನ ಕಾಗದವನ್ನು ಹಿಡಿದು ಯಾರಾದರೂ ಬಂದಾಗ ಸದಸ್ಯರು ಮೊದಲು ಅದರಲ್ಲಿ ಪ್ರಕರಣದ ಸಂಖ್ಯೆಯನ್ನೂ ದಿನಾಂಕವನ್ನೂ ಹುಡುಕಲಿ. 13(2) ಎಂದಿದ್ದರೆ ಲಿಖಿತ ಆಕ್ಷೇಪಣೆ ಸಲ್ಲಿಸಲು, 13(4) ಎಂದಿದ್ದರೆ 45 ದಿನಗಳಲ್ಲಿ ನ್ಯಾಯಾಧಿಕರಣಕ್ಕೆ ಹೋಗಲು ಇನ್ನೆಷ್ಟು ದಿನ ಉಳಿದಿದೆ ಎಂದು ಲೆಕ್ಕ ಹಾಕಿ, ಅದೇ ದಿನ ಆ ಕುಟುಂಬವನ್ನು ಬ್ಯಾಂಕಿನ ಶಾಖೆಗೂ ಕಾನೂನು ಸೇವೆಗಳ ಪ್ರಾಧಿಕಾರಕ್ಕೂ ಕಳುಹಿಸಿಕೊಡಲಿ.